‘ಹೋಲ್ಡ್’ ಅಂದರೆ ಸಾಲದು: ಆಯ್ಕೆಯಾದವರಿಗೆ ಹುದ್ದೆ ನಿಂತಿದೆ ಎಂದು ಹೇಳುವ ಬಗೆ

ತುಮಕೂರಿನಿಂದ ಶಿರಾ ದಾರಿಯಲ್ಲಿ ಸಿಗುವ ವಸಂತನರಸಾಪುರದ ಕಾರ್ಖಾನೆಗಳಿಗೆ ಐಟಿಐ, ಡಿಪ್ಲೊಮಾ ಮಾಡಿದವರನ್ನು ನೇಮಕ ಮಾಡಿಕೊಳ್ಳುವ ಕೆಲಸ ನನ್ನದು. ಈ ಕೆಲಸದಲ್ಲಿ ಹುದ್ದೆ ನಿಲ್ಲುವುದು ಹೊಸದೇನಲ್ಲ. ಗ್ರಾಹಕ ಕಂಪನಿ ಆರ್ಡರನ್ನು ಮುಂದಕ್ಕೆ ಹಾಕುತ್ತದೆ, ಹೊಸ ಯಂತ್ರ ಬರುವುದು ತಡವಾಗುತ್ತದೆ, ಹೆಡ್ ಆಫೀಸು ಆ ತ್ರೈಮಾಸಿಕಕ್ಕೆ ಹೊಸಬರನ್ನು ತೆಗೆದುಕೊಳ್ಳಬೇಡಿ ಅನ್ನುತ್ತದೆ. ಅದನ್ನು ಅಭ್ಯರ್ಥಿಗೆ ಹೇಗೆ ಮುಟ್ಟಿಸಬೇಕು ಅನ್ನುವುದರಲ್ಲಿ ನಾನು ಒಂದು ಸಂದರ್ಭವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಸಂದರ್ಶನ ಮುಗಿದಿದೆ, ‘ನೀವು ಸೆಲೆಕ್ಟ್’ ಎಂದು ಬಾಯಿಮಾತಿನಲ್ಲಿ ಹೇಳಿದ್ದೇವೆ, ಆಫರ್ ಲೆಟರ್ ಮಾತ್ರ ಇನ್ನೂ ಹೋಗಿಲ್ಲ. ಆ ನಡುವಿನ ದಿನಗಳಲ್ಲಿ ಹುದ್ದೆ ನಿಂತುಹೋಗುತ್ತದೆ.

ಈ ಸಂದರ್ಭವನ್ನೇ ಆರಿಸಿಕೊಳ್ಳಲು ಕಾರಣವಿದೆ. ಬರೀ ಅರ್ಜಿ ಹಾಕಿದವರು ನಮ್ಮನ್ನು ನಂಬಿ ಇನ್ನೂ ಏನನ್ನೂ ಬಿಟ್ಟಿರುವುದಿಲ್ಲ. ಆಫರ್ ಲೆಟರ್ ಪಡೆದವರ ಕೈಯಲ್ಲಿ ಕಾಗದ ಇರುತ್ತದೆ. ಅವರ ವಿಷಯದಲ್ಲಿ ಫೋನಿನಲ್ಲಿ ‘ಹೋಲ್ಡ್’ ಎಂದು ಮುಗಿಸಲು ಬರುವುದಿಲ್ಲ, ಕಂಪನಿ ಲಿಖಿತವಾಗಿ ಉತ್ತರ ಕೊಡಬೇಕು, ಅದು ಬೇರೆಯದೇ ವಿಷಯ. ನಡುವಿನವರ ಹತ್ತಿರ ಇರುವುದು ನಮ್ಮ ಮಾತು ಮಾತ್ರ. ಆ ಮಾತು ನಂಬಿಕೊಂಡು ಅವರು ಇರುವ ಕೆಲಸಕ್ಕೆ ರಾಜೀನಾಮೆ ಕೊಡುತ್ತಾರೆ, ಬೇರೆ ಕಂಪನಿಗೆ ಬರಲ್ಲ ಅನ್ನುತ್ತಾರೆ, ಕ್ಯಾತ್ಸಂದ್ರದಲ್ಲೋ ಅಂತರಸನಹಳ್ಳಿಯಲ್ಲೋ ರೂಮಿಗೆ ಅಡ್ವಾನ್ಸ್ ಕೊಡುತ್ತಾರೆ.

ಮೊದಲು ಪದದ ಸಮಸ್ಯೆ. ‘ಹೋಲ್ಡ್‌ನಲ್ಲಿದೆ’ ಅಂದರೆ ಕಚೇರಿಯೊಳಗೆ ಇರುವ ಅರ್ಥ ಒಂದು, ಮಧುಗಿರಿಯಿಂದಲೋ ಪಾವಗಡದಿಂದಲೋ ಬಂದ ಹುಡುಗನಿಗೆ ಕೇಳಿಸುವ ಅರ್ಥ ಇನ್ನೊಂದು. ಅವನಿಗೆ ಅದು ‘ನಿನ್ನ ಸೀಟು ಹಿಡಿದಿಟ್ಟಿದ್ದೇವೆ’ ಎಂದು ಕೇಳಿಸುತ್ತದೆ. ಸರ್ಕಾರಿ ನೇಮಕಾತಿಯ ಹೆಚ್ಚುವರಿ ಪಟ್ಟಿಯನ್ನು ನೋಡಿ ಬೆಳೆದವರಿಗೆ ಪಟ್ಟಿಯಲ್ಲಿ ಹೆಸರಿದ್ದರೆ ಯಾವತ್ತಾದರೂ ಕರೆಯುತ್ತಾರೆ ಎಂಬ ಲೆಕ್ಕ ಇರುವುದು ಸಹಜ. ಇಂಗ್ಲಿಷ್ ಬೇಡ ಎಂದು ‘ನೇಮಕಾತಿ ತಡೆಹಿಡಿಯಲಾಗಿದೆ’ ಎಂದು ಬರೆದರೆ ಮತ್ತೊಂದು ತೊಂದರೆ. ‘ತಡೆಹಿಡಿಯಲಾಗಿದೆ’ ಎಂಬುದನ್ನು ನಮ್ಮ ಮಕ್ಕಳು ಓದಿರುವುದು ಪರೀಕ್ಷೆಯ ಫಲಿತಾಂಶದಲ್ಲಿ. ಅಲ್ಲಿ ಅದರರ್ಥ ನಿನ್ನ ದಾಖಲೆಯಲ್ಲೋ ಶುಲ್ಕದಲ್ಲೋ ಏನೋ ತಪ್ಪಿದೆ ಎಂದು. ಹಾಗಾಗಿ ಮಾರನೇ ದಿನವೇ ಅಂಕಪಟ್ಟಿಯ ಕಟ್ಟು ಹಿಡಿದು ಗೇಟಿಗೆ ಬಂದು ನಿಲ್ಲುತ್ತಾರೆ, ಯಾವ ಸರ್ಟಿಫಿಕೇಟ್ ಕಡಿಮೆಯಾಗಿದೆ ಸರ್ ಎಂದು. ನಾನು ಬಳಸುವುದು ‘ನಿಲ್ಲಿಸಿದ್ದಾರೆ’ ಎಂಬ ಸಾದಾ ಮಾತು. ಅದರ ಹಿಂದೆಯೇ ‘ಈಗ ಈ ಕೆಲಸ ಇಲ್ಲ’ ಎಂಬ ಇನ್ನೊಂದು ವಾಕ್ಯ. ‘ಸದ್ಯಕ್ಕೆ’ ಎಂಬ ಪದವನ್ನು ಪೂರ್ತಿ ಬಿಟ್ಟಿದ್ದೇನೆ. ಹೇಳುವವನಿಗೆ ಅದು ಹಗುರಾದ ಮಾತು, ಕೇಳುವವನು ಮಾತ್ರ ಅದನ್ನೇ ಹಿಡಿದುಕೊಂಡು ತಿಂಗಳುಗಟ್ಟಲೆ ಕೂರುತ್ತಾನೆ.

ಫೋನ್ ಎತ್ತುವ ಮುಂಚೆ ಪ್ಲಾಂಟ್ ಹೆಡ್ ಅಥವಾ ಯಾರು ನಿಲ್ಲಿಸಿದರೋ ಅವರ ಹತ್ತಿರ ನಾಲ್ಕು ಉತ್ತರ ಪಡೆದುಕೊಳ್ಳುತ್ತೇನೆ. ನಿಲ್ಲಿಸಿದ್ದು ಯಾರು, ಇಲ್ಲಿಯವರೋ ಹೆಡ್ ಆಫೀಸಿನವರೋ? ಯಾವುದು ಆದರೆ ಮತ್ತೆ ತೆರೆಯುತ್ತದೆ? ಅದನ್ನು ಮತ್ತೆ ಯಾವ ದಿನ ಕೂತು ನೋಡುತ್ತಾರೆ? ಈಗ ಆಯ್ಕೆ ಮಾಡಿದವರನ್ನೇ ಕರೆಯುತ್ತೇವೋ, ಹೊಸದಾಗಿ ಸಂದರ್ಶನ ಮಾಡುತ್ತೇವೋ? ಮೂರನೆಯ ಪ್ರಶ್ನೆಗೆ ತಾರೀಖು ಸಿಗದೆ ‘ನೋಡೋಣ’ ಎಂಬ ಉತ್ತರ ಬಂದರೆ ಅದನ್ನು ಹೋಲ್ಡ್ ಎಂದು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ರದ್ದಾದ ಹುದ್ದೆ, ಅಭ್ಯರ್ಥಿಗೂ ಹಾಗೇ ಹೇಳುತ್ತೇನೆ.

ಇಲ್ಲೇ ಇನ್ನೊಂದು ವಿಷಯ. ಒಬ್ಬರನ್ನು ಬೇಡ ಎನ್ನಲು ಮುಜುಗರವಾಗಿ ‘ಪೊಸಿಷನ್ ಹೋಲ್ಡ್ ಆಗಿದೆ’ ಎಂದು ಹೇಳುವ ಚಾಳಿ ನಮ್ಮ ಕಡೆ ಸಾಕಷ್ಟಿದೆ. ಇದು ಉಳಿಯುವ ಸುಳ್ಳಲ್ಲ. ಬೇಡ ಅನ್ನಿಸಿಕೊಂಡವನೂ ಆಯ್ಕೆಯಾದವನೂ ಒಂದೇ ಪಾಲಿಟೆಕ್ನಿಕ್‌ನವರು, ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಓಡಾಡುವವರು, ಎಷ್ಟೋ ಸಲ ಒಂದೇ ರೂಮಿನವರು. ವಾರದೊಳಗೆ ವಿಷಯ ಗೊತ್ತಾಗುತ್ತದೆ. ಅದಾದ ಮೇಲೆ ನಿಜವಾಗಿಯೂ ಹುದ್ದೆ ನಿಂತ ದಿನ ನಾವು ಹೇಳುವುದನ್ನು ಯಾರೂ ನಂಬುವುದಿಲ್ಲ. ಆಯ್ಕೆಯಾಗದವರಿಗೆ ಆಯ್ಕೆಯಾಗಿಲ್ಲ ಅನ್ನಬೇಕು.

ಈಗ ಒಂದು ಲೆಕ್ಕ ಹಿಡಿದು ನೋಡೋಣ. ವಾಹನಗಳ ಬಿಡಿಭಾಗ ಮಾಡುವ ಘಟಕ, ಕ್ವಾಲಿಟಿ ಇನ್ಸ್‌ಪೆಕ್ಟರ್ 6 ಹುದ್ದೆ. ಆಯ್ಕೆಯಾದವರು 6 ಜನ, ಅವರಲ್ಲಿ ಯಾರಾದರೂ ಬರದಿದ್ದರೆ ಎಂದು ಇಟ್ಟುಕೊಂಡವರು 2 ಜನ. ಜೂನ್ 20, ಶುಕ್ರವಾರ ಬೆಳಿಗ್ಗೆ 11ಕ್ಕೆ ವಿಷಯ ಬರುತ್ತದೆ: ಗ್ರಾಹಕರ ಆರ್ಡರ್ ಮುಂದಕ್ಕೆ ಹೋಗಿದೆ, ಎರಡನೇ ಲೈನ್ ಈಗ ಶುರುವಾಗುವುದಿಲ್ಲ, ಜುಲೈ 10ಕ್ಕೆ ಮತ್ತೆ ಪರಿಶೀಲನೆ. ಎಂಟು ಜನರಿಗೆ ಹೇಳಬೇಕು. ಯಾರಿಗೆ ಮೊದಲು?

ಪಟ್ಟಿಯ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಹೋಗುವುದು ತಪ್ಪು. ಯಾರ ನಷ್ಟವನ್ನು ಇವತ್ತೇ ತಡೆಯಬಹುದೋ ಅವರಿಗೆ ಮೊದಲು. ಈ ಆರು ಜನರಲ್ಲಿ ಒಬ್ಬ ನಿನ್ನೆಯಷ್ಟೇ ರಾಜೀನಾಮೆ ಕೊಟ್ಟಿದ್ದಾನೆ. ಒಬ್ಬ ಹತ್ತು ದಿನದ ಹಿಂದೆಯೇ ಕೊಟ್ಟು, ಅದು ಅಂಗೀಕಾರವೂ ಆಗಿದೆ. ಒಬ್ಬಳಿಗೆ ಹಿರೇಹಳ್ಳಿಯ ಇನ್ನೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಶನಿವಾರದೊಳಗೆ ಬರುತ್ತೇನೋ ಇಲ್ಲವೋ ಹೇಳಬೇಕು. ಒಬ್ಬ ಸೋಮವಾರ ರಾಜೀನಾಮೆ ಕೊಡಲಿದ್ದಾನೆ. ಉಳಿದ ಇಬ್ಬರು ಹೊಸಬರು, ಬಿಡಲು ಕೆಲಸವಿಲ್ಲ. (ಇಷ್ಟೆಲ್ಲ ನಮಗೆ ಗೊತ್ತಿರಬೇಕಾದರೆ ಆಯ್ಕೆಯ ದಿನವೇ ‘ಯಾವತ್ತು ರಾಜೀನಾಮೆ ಕೊಡ್ತೀರಿ, ಬೇರೆ ಕಡೆ ಏನಾದರೂ ಕೈಯಲ್ಲಿದೆಯಾ’ ಎಂದು ಕೇಳಿ ಎಕ್ಸೆಲ್‌ನಲ್ಲಿ ಎರಡು ಕಾಲಂ ತುಂಬಿರಬೇಕು. ಆ ಎರಡು ಕಾಲಂ ಖಾಲಿ ಬಿಟ್ಟವರಿಗೆ ಈ ದಿನ ಕತ್ತಲಲ್ಲಿ ತಡಕಾಡಿದಂತೆ.)

ಮೊದಲ ಕರೆ ನಿನ್ನೆ ರಾಜೀನಾಮೆ ಕೊಟ್ಟವನಿಗೆ. ಇನ್ನೂ ಅಂಗೀಕಾರ ಆಗಿರದಿದ್ದರೆ ಇವತ್ತೇ ‘ನನ್ನ ರಾಜೀನಾಮೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ’ ಎಂದು ಬರೆದು ಕೊಡಲು ದಾರಿಯಿದೆ. ಸೋಮವಾರದ ಹೊತ್ತಿಗೆ ಅದು ಮುಚ್ಚಿಹೋಗಬಹುದು. ಆದರೆ ಅವನು 6ರಿಂದ 2ರ ಶಿಫ್ಟಿನಲ್ಲಿದ್ದಾನೆ, ಫೋನ್ ಗೇಟಿನ ಲಾಕರಿನಲ್ಲಿದೆ. ಆಗ ವಿಷಯವನ್ನೇ ಮೆಸೇಜಿನಲ್ಲಿ ಹಾಕುವುದಿಲ್ಲ. ‘2 ಗಂಟೆಗೆ ಶಿಫ್ಟ್ ಮುಗಿದ ತಕ್ಷಣ ನನಗೆ ಕರೆ ಮಾಡಿ. ಅಲ್ಲಿಯವರೆಗೆ ರಾಜೀನಾಮೆ ವಿಷಯದಲ್ಲಿ ಮುಂದುವರಿಯಬೇಡಿ’ ಎಂದಷ್ಟೇ ಕಳಿಸುತ್ತೇನೆ. 2.10ಕ್ಕೆ ಅವನು ಮಾಡದಿದ್ದರೆ ನಾನೇ ಮಾಡುತ್ತೇನೆ. ರೆಸ್ಯೂಮಿನಲ್ಲಿ ಎರಡನೆಯ ನಂಬರ್ ಅಪ್ಪನದೋ ಅಣ್ಣನದೋ ಇರುತ್ತದೆ. ಅಲ್ಲಿಗೆ ಮಾಡಿದರೂ ‘ಅವರಿಂದ ಒಂದು ಕಾಲ್ ಮಾಡಿಸಿ’ ಎಂದು ಹೇಳುವುದು ಮಾತ್ರ. ಕೆಲಸ ನಿಂತ ಸುದ್ದಿ ಮಗನಿಗಿಂತ ಮೊದಲು ಮನೆಗೆ ಹೋದರೆ, ಏನೋ ಇವನೇ ಕೆಡಿಸಿಕೊಂಡಿದ್ದಾನೆ ಎಂದು ಅರ್ಥವಾಗುತ್ತದೆ.

ಎರಡನೆಯ ಕರೆ ಶನಿವಾರದ ಗಡುವಿನವಳಿಗೆ, ಮೂರನೆಯದು ಸೋಮವಾರದವನಿಗೆ. ನಾಲ್ಕನೆಯದು ರಾಜೀನಾಮೆ ಅಂಗೀಕಾರವಾದವನಿಗೆ. ಇದು ಎಲ್ಲಕ್ಕಿಂತ ಕಷ್ಟದ ಕರೆ, ಅದಕ್ಕೇ ಇದನ್ನೇ ಮೊದಲು ಮುಗಿಸಿಬಿಡೋಣ ಅನ್ನಿಸುತ್ತದೆ. ಆದರೆ ಅವನ ನಷ್ಟ ಆಗಲೇ ಆಗಿಹೋಗಿದೆ, ಅರ್ಧ ಗಂಟೆ ತಡವಾದರೆ ಅದು ಹೆಚ್ಚುವುದಿಲ್ಲ. ಅವಳ ಶನಿವಾರ ಮಾತ್ರ ಓಡುತ್ತಿರುತ್ತದೆ. ಆಮೇಲೆ ಹೊಸಬರಿಬ್ಬರು, ಕೊನೆಗೆ ಹೆಚ್ಚುವರಿಯ ಇಬ್ಬರು. ಆ ಇಬ್ಬರನ್ನು ಬಿಟ್ಟೇಬಿಡುವವರು ಬಹಳ. ಆರು ಜನವೇ ಒಳಗೆ ಬರದಿದ್ದಾಗ ತಮಗಾಗಿ ಯಾರೋ ಜಾಗ ಬಿಡುತ್ತಾರೆಂದು ಅವರು ಕಾಯುತ್ತಲೇ ಇರುತ್ತಾರೆ. ಒಂದು ಕರೆಗೆ 5ರಿಂದ 7 ನಿಮಿಷ ಸಾಕು. ಶಿಫ್ಟಿನಲ್ಲಿರುವವನೊಬ್ಬನನ್ನು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲ ಮುಗಿಯುತ್ತದೆ, ಮುಗಿಯಲೇಬೇಕು. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಮಾರನೇ ದಿನ ಹೇಳಿದರೆ, ಆ ರಾತ್ರಿ ವಾಟ್ಸಾಪಿನಲ್ಲಿ ‘ನಿನಗೆ ಕಾಲ್ ಬಂತಾ, ನನಗೆ ಬಂದಿಲ್ಲ, ಹಾಗಾದರೆ ನಂದು ಇದೆ’ ಎಂಬ ಲೆಕ್ಕ ಶುರುವಾಗುತ್ತದೆ.

ಕರೆಯಲ್ಲಿ ಸುದ್ದಿ ಮೊದಲ ವಾಕ್ಯದಲ್ಲೇ ಬರಬೇಕು. ಊಟ ಆಯ್ತಾ, ಹೇಗಿದ್ದೀರಿ ಎಂದು ಶುರು ಮಾಡಿದರೆ ಅವರು ಜಾಯಿನಿಂಗ್ ಡೇಟ್ ಕೇಳಲು ಪೆನ್ನು ಹುಡುಕುತ್ತಿರುತ್ತಾರೆ. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

“ನಮಸ್ಕಾರ, ಫ್ಯಾಕ್ಟರಿಯಿಂದ ಮಾತಾಡ್ತಾ ಇದ್ದೀನಿ. ಬೇಜಾರಿನ ವಿಷಯ ಹೇಳೋಕೆ ಕಾಲ್ ಮಾಡಿದ್ದು. ನಿಮ್ಮನ್ನ ಸೆಲೆಕ್ಟ್ ಮಾಡಿದ್ದ ಕೆಲಸ ಇವತ್ತು ನಿಲ್ಲಿಸಿದ್ದಾರೆ. ಈಗ ಆ ಕೆಲಸ ಇಲ್ಲ.”

“ಯಾಕ್ ಸರ್, ನನ್ನಿಂದ ಏನಾದ್ರೂ...?”

“ನಿಮ್ಮಿಂದ ಏನೂ ಇಲ್ಲ. ಆರ್ಡರ್ ಮುಂದಕ್ಕೆ ಹೋಯ್ತು, ಎರಡನೇ ಲೈನ್ ಶುರು ಆಗಲ್ಲ. ಆರು ಜನರದ್ದೂ ನಿಲ್ಲಿಸಿದ್ದಾರೆ.”

“ಒಂದು ತಿಂಗಳಲ್ಲಿ ಆಗುತ್ತಾ ಸರ್?”

“ನನಗೆ ಗೊತ್ತಿಲ್ಲ. ಅಂದಾಜು ಹೇಳೋದೂ ಇಲ್ಲ. ಯಾಕಂದ್ರೆ ನಾನು ತಿಂಗಳು ಅಂದ್ರೆ ನೀವು ತಿಂಗಳು ಕಾಯ್ತೀರಿ.”

“ಆದ್ರೂ ಲಿಸ್ಟಲ್ಲಿ ನಂದು ಹೆಸರು ಇರುತ್ತಲ್ವಾ?”

“ಫೈಲಲ್ಲಿ ಇರುತ್ತೆ. ಅದನ್ನ ನಂಬ್ಕೊಂಡು ಬೇರೆ ಕೆಲಸ ಬಿಡೋ ಹಾಗಿಲ್ಲ. ಹಿರೇಹಳ್ಳಿದು ಬಂದಿದೆ ಅಂದಿದ್ರಲ್ಲ, ನಮ್ಮದು ಇಲ್ಲ ಅಂತ ತಿಳ್ಕೊಂಡೇ ಅದನ್ನ ತೀರ್ಮಾನ ಮಾಡಿ.”

ಈ ಕೊನೆಯ ಎರಡು ಪ್ರಶ್ನೆ ಬಹುತೇಕ ಎಲ್ಲರೂ ಕೇಳುತ್ತಾರೆ. ಹಿಡಿತ ತಪ್ಪುವುದೂ ಇಲ್ಲೇ. ಎದುರಿಗಿನ ದನಿ ಕುಗ್ಗಿದಾಗ ‘ಟ್ರೈ ಮಾಡ್ತೀನಿ’, ‘ನಿಮ್ಮದು ಮೊದಲು ನೋಡ್ತೀವಿ’, ‘ಆದಷ್ಟು ಬೇಗ’ ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ. ಅವುಗಳಿಂದ ಸಮಾಧಾನವಾಗುವುದು ನಮಗೆ. ಅಭ್ಯರ್ಥಿ ಅವುಗಳನ್ನು ಮನೆಯಲ್ಲಿ ‘ಮೊದಲು ನಂದೇ ಅಂತೆ’ ಎಂದು ಹೇಳುತ್ತಾನೆ. ‘ಮೊದಲು ನೋಡ್ತೀವಿ’ ಎಂಬುದು ನಾಲ್ಕನೇ ಪ್ರಶ್ನೆಗೆ ಪ್ಲಾಂಟ್ ಹೆಡ್ ಬರೆದು ಕೊಟ್ಟ ಉತ್ತರವಾಗಿದ್ದರೆ ಹೇಳಬಹುದು, ಅದೂ ‘ಮತ್ತೆ ತೆರೆದರೆ’ ಎಂಬುದನ್ನು ಒತ್ತಿ ಹೇಳಿ. ಕಾರಣ ಹೊರಗೆ ಹೇಳಬಾರದು ಎಂದು ಮೇಲಿನವರು ಅಂದಿದ್ದರೆ ಕಾರಣವನ್ನು ಕಟ್ಟಿ ಹೇಳುವುದಿಲ್ಲ. ‘ಕಾರಣ ಹೇಳೋ ಅನುಮತಿ ನನಗಿಲ್ಲ, ನಿಮ್ಮ ಇಂಟರ್‌ವ್ಯೂಗೂ ಇದಕ್ಕೂ ಸಂಬಂಧ ಇಲ್ಲ’ ಎಂದರೆ ಜನ ಒಪ್ಪುತ್ತಾರೆ.

ಫೋನ್ ಇಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: “ಹಾಗಾದರೆ ನಾಳೆ ಏನು ಮಾಡ್ತೀರಿ?” ಹೇಳಿದ್ದು ಇಳಿದಿದೆಯೋ ಇಲ್ಲವೋ ಇದರಲ್ಲಿ ತಿಳಿಯುತ್ತದೆ. ‘ಹಿರೇಹಳ್ಳಿಯವರಿಗೆ ಬರ್ತೀನಿ ಅಂತೀನಿ ಸರ್’ ಎಂದರೆ ಇಳಿದಿದೆ. ‘ನಿಮ್ಮ ಕಾಲ್‌ಗೆ ಕಾಯ್ತೀನಿ ಸರ್’ ಎಂದರೆ ಇಳಿದಿಲ್ಲ, ಮೊದಲಿನಿಂದ ಮತ್ತೊಮ್ಮೆ ಹೇಳಬೇಕು. ‘ಆಯ್ತು ಸರ್, ಆಯ್ತು ಸರ್’ ಎಂಬುದನ್ನು ನಂಬುವುದಿಲ್ಲ. ಅದು ನಮ್ಮ ಕಡೆಯ ಮರ್ಯಾದೆಯ ಮಾತು, ಅರ್ಥವಾಗಿದೆ ಎಂಬುದಕ್ಕೆ ಪುರಾವೆಯಲ್ಲ.

ರಾಜೀನಾಮೆ ಅಂಗೀಕಾರವಾದವನಿಗೆ ಬರೀ ಸುದ್ದಿ ಹೇಳಿ ಇಡಲು ಆಗುವುದಿಲ್ಲ. ನಾನು ಕೊಡಬಹುದಾದದ್ದು ಎರಡೇ. ಒಂದು, ಅವನನ್ನು ಆಯ್ಕೆ ಮಾಡಿದ್ದು ನಿಜ, ಹುದ್ದೆ ನಿಂತಿದ್ದು ಕಂಪನಿಯ ಕಾರಣದಿಂದ ಎಂದು ಕಂಪನಿಯ ಇಮೇಲಿನಿಂದ ನಾಲ್ಕು ಸಾಲು. ಹಳೆಯ ಕಂಪನಿಯಲ್ಲಿ ಸೂಪರ್‌ವೈಸರ್ ಹತ್ತಿರ ‘ನೋಟಿಸ್ ಮುಗಿಯೋಕೆ ಇನ್ನೂ ಇಪ್ಪತ್ತು ದಿನ ಇದೆ, ಉಳಿಸಿಕೊಳ್ಳಿ’ ಎಂದು ಕೇಳಲು ಅದು ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ, ಅವರು ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಎರಡು, ಅವನು ಸರಿ ಅಂದರೆ ಅವನ ರೆಸ್ಯೂಮನ್ನು ಪಕ್ಕದ ಘಟಕಗಳ ಎಚ್‌ಆರ್‌ಗಳಿಗೆ ಕಳಿಸುವುದು. ಕೇಳದೆ ಕಳಿಸಬಾರದು, ಅವನು ಈಗಿರುವ ಕಂಪನಿಗೇ ಅದು ಹೋಗಿ ಮುಟ್ಟಬಹುದು.

ಕರೆ ಮುಗಿದ ಹತ್ತು ನಿಮಿಷದೊಳಗೆ ಬರಹದಲ್ಲೂ ಕಳಿಸುತ್ತೇನೆ, ಕನ್ನಡದಲ್ಲಿ. ಕಂಪನಿಯ ಇಂಗ್ಲಿಷ್ ಮೇಲ್ ಜೊತೆಗೆ ಹೋದರೆ ಹೋಗಲಿ, ಆದರೆ ಮನೆಯಲ್ಲಿ ಅಪ್ಪ ಅಮ್ಮ ಓದುವುದು ಇದನ್ನೇ:

“ನಮಸ್ಕಾರ. ಕ್ವಾಲಿಟಿ ಇನ್ಸ್‌ಪೆಕ್ಟರ್ ಕೆಲಸಕ್ಕೆ ನಿಮ್ಮನ್ನು ಆಯ್ಕೆ ಮಾಡಿದ್ದೆವು. ಆರ್ಡರ್ ಮುಂದಕ್ಕೆ ಹೋಗಿರುವುದರಿಂದ ಈ ನೇಮಕಾತಿಯನ್ನು ಜೂನ್ 20ರಿಂದ ನಿಲ್ಲಿಸಲಾಗಿದೆ. ನಿಮ್ಮ ಸಂದರ್ಶನ, ದಾಖಲೆಗಳಲ್ಲಿ ಯಾವ ತೊಂದರೆಯೂ ಇಲ್ಲ. ಮತ್ತೆ ಶುರುವಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಈ ಕೆಲಸ ಇಲ್ಲ ಎಂದೇ ತಿಳಿದು ಬೇರೆ ಕಡೆ ಸೇರಿಕೊಳ್ಳಿ, ಈಗಿರುವ ಕೆಲಸ ಬಿಡಬೇಡಿ. ಜುಲೈ 15ರಂದು ಇದೇ ನಂಬರಿನಿಂದ ಇನ್ನೊಂದು ಸಂದೇಶ ಬರುತ್ತದೆ, ಸುದ್ದಿ ಏನೇ ಇರಲಿ. ಅದಕ್ಕಾಗಿ ಕಾಯಬೇಕಿಲ್ಲ. ಹಣ ಕೊಟ್ಟರೆ ಈ ಕೆಲಸ ಮಾಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಮಗೆ ತಿಳಿಸಿ.”

ಕೊನೆಯ ಸಾಲು ಅಲಂಕಾರಕ್ಕೆ ಇಟ್ಟಿದ್ದಲ್ಲ. ‘ಹೋಲ್ಡ್ ಆಗಿರೋದನ್ನ ರಿಲೀಸ್ ಮಾಡಿಸ್ತೀನಿ, ಇಷ್ಟು ಕೊಡು’ ಎನ್ನುವವರಿಗೆ ಸ್ಪಷ್ಟವಿಲ್ಲದ ಸಂದೇಶವೇ ಬಂಡವಾಳ. ಕೆಲಸ ಎಲ್ಲೋ ಸಿಕ್ಕಿಕೊಂಡಿದೆ, ತಳ್ಳಿದರೆ ಬರುತ್ತದೆ ಎಂಬ ಭಾವನೆ ಹುಟ್ಟಿಸಿದ ಮೇಲೆ ತಳ್ಳುವವರು ಸಿಕ್ಕೇ ಸಿಗುತ್ತಾರೆ.

ಪರಿಶೀಲನೆ ಜುಲೈ 10ಕ್ಕೆ ಇದ್ದರೂ ಸಂದೇಶಕ್ಕೆ 15 ಎಂದು ಹಾಕಿರುವುದನ್ನು ಗಮನಿಸಿ. ಮೀಟಿಂಗ್ ಎರಡು ಮೂರು ದಿನ ಜಾರುತ್ತದೆ, ನಿರ್ಧಾರ ಕಾಗದಕ್ಕೆ ಬರಲು ಇನ್ನೊಂದು ದಿನ. 10ಕ್ಕೆ ಹೇಳುತ್ತೇವೆ ಎಂದು 10ಕ್ಕೆ ಹೇಳಲಾಗದಿದ್ದರೆ, ಆ ಮೌನವನ್ನೇ ಅಭ್ಯರ್ಥಿಗಳು ಒಳ್ಳೆಯ ಸುದ್ದಿ ಎಂದು ಓದುತ್ತಾರೆ: ‘ಇಲ್ಲ ಅನ್ನೋದಾಗಿದ್ರೆ ಇಷ್ಟೊತ್ತಿಗೆ ಹೇಳಿರೋರು.’

ನಾವು ಎಷ್ಟೇ ನೇರವಾಗಿ ಹೇಳಿದರೂ ಬೇರೆ ಬಾಯಿಗಳಿವೆ. ಸಂದರ್ಶನದಲ್ಲಿ ಕೂತಿದ್ದ ಕ್ವಾಲಿಟಿ ಸೂಪರ್‌ವೈಸರ್‌ಗೆ ಹುಡುಗ ಫೋನ್ ಮಾಡಿದರೆ ಅವರು ಒಳ್ಳೆಯ ಮನಸ್ಸಿನಿಂದಲೇ ‘ಆಗುತ್ತೆ ಬಿಡಪ್ಪ’ ಅನ್ನುತ್ತಾರೆ. ಅಭ್ಯರ್ಥಿಯನ್ನು ಕಳಿಸಿದ ಕನ್ಸಲ್ಟೆನ್ಸಿಯವರಿಗೆ ಅವನು ಬೇರೆ ಕಡೆ ಹೋಗುವುದು ಬೇಡ, ಹಾಗಾಗಿ ‘ಇನ್ನೊಂದು ವಾರ’ ಅನ್ನುತ್ತಾರೆ. ಗೇಟಿನ ಸೆಕ್ಯೂರಿಟಿಯವರು ‘ಮುಂದಿನ ವಾರ ಬಂದು ನೋಡಿ’ ಎಂದು ಸಾಗಹಾಕುತ್ತಾರೆ. ಆದ್ದರಿಂದ ಮೊದಲ ಕರೆಗೆ ಮುಂಚೆಯೇ ಮೂವರಿಗೂ ಒಂದೇ ವಾಕ್ಯ ಕೊಡುತ್ತೇನೆ: ‘ಆ ನೇಮಕಾತಿ ನಿಂತಿದೆ, ಬೇರೆ ಕಡೆ ನೋಡಿಕೊಳ್ಳಿ, ಹೆಚ್ಚಿನದಕ್ಕೆ ಎಚ್‌ಆರ್‌ಗೆ ಮಾತಾಡಿ.’ ಕನ್ಸಲ್ಟೆನ್ಸಿಯವರ ಅಭ್ಯರ್ಥಿಗೂ ನಾನೇ ಕರೆ ಮಾಡುತ್ತೇನೆ, ಅವರಿಗೆ ಅದನ್ನು ಮುಂಚೆಯೇ ತಿಳಿಸಿ. ಜಾಹೀರಾತನ್ನು ಅದೇ ದಿನ ಇಳಿಸಬೇಕು. ಪೋರ್ಟಲ್ಲು, ವಾಟ್ಸಾಪ್ ಗುಂಪು, ಪಾಲಿಟೆಕ್ನಿಕ್ ನೋಟಿಸ್ ಬೋರ್ಡು, ಗೇಟಿಗೆ ಕಟ್ಟಿದ ‘ನೇರ ಸಂದರ್ಶನ’ ಬ್ಯಾನರು, ಎಲ್ಲವೂ. ಬ್ಯಾನರ್ ಹಾಗೇ ಇದ್ದರೆ ನಾವು ಹೇಳಿದ್ದು ಸುಳ್ಳು ಎಂದೇ ಅರ್ಥ.

ಕೆಲಸ ಸರಿಯಾಗಿ ಆಗಿದೆಯೇ ಎಂಬುದು ಮುಂದಿನ ಎರಡು ವಾರದ ಕರೆಗಳಲ್ಲಿ ಕಾಣುತ್ತದೆ. ಎಂಟು ಜನರಲ್ಲಿ ಒಬ್ಬಿಬ್ಬರು ‘ಏನಾಯ್ತು ಸರ್’ ಎಂದು ಕೇಳುವುದು ಸಹಜ. ನಾಲ್ಕೈದು ಜನ ಕೇಳಿದರೆ, ಎಲ್ಲೋ ಯಾರೋ ಆಸೆ ಹುಟ್ಟಿಸುವ ಮಾತು ಆಡಿದ್ದಾರೆ. ‘ಯಾರು ಹೇಳಿದ್ರು?’ ಎಂದು ಕೇಳಿದರೆ ಹೆಸರು ಹೇಳಿಬಿಡುತ್ತಾರೆ, ಎಷ್ಟೋ ಸಲ ಅದು ನಮ್ಮದೇ ಹೆಸರು.

ಜುಲೈ 15 ಬಂತು. ಲೈನ್ ಶುರುವಾಗುವ ಸುಳಿವಿಲ್ಲ, ಮತ್ತೆ ಆಗಸ್ಟ್‌ನಲ್ಲಿ ನೋಡೋಣ ಅಂದಿದ್ದಾರೆ. ಆಗ ಎರಡನೆಯ ತಾರೀಖು ಕೊಡುವುದಿಲ್ಲ. ತಾರೀಖಿನ ಮೇಲೆ ತಾರೀಖು ಕೊಡುತ್ತಾ ಹೋದರೆ ಅದು ಕೋರ್ಟಿನ ವಾಯಿದೆಯಂತೆ ಆಗುತ್ತದೆ, ಹಿಡಿದವರು ಬಿಡಲಾರರು. ಎಂಟೂ ಜನರಿಗೆ, ಬೇರೆ ಕಡೆ ಸೇರಿಕೊಂಡವರಿಗೂ, ಹೋಗುವುದು ಇಷ್ಟು: “ಜೂನ್ 20ರಂದು ನಿಲ್ಲಿಸಿದ್ದ ಕ್ವಾಲಿಟಿ ಇನ್ಸ್‌ಪೆಕ್ಟರ್ ನೇಮಕಾತಿ ಶುರುವಾಗಿಲ್ಲ. ಆ ಆಯ್ಕೆಯನ್ನು ಇಂದಿಗೆ ಮುಕ್ತಾಯಗೊಳಿಸಿದ್ದೇವೆ. ಮುಂದೆ ಇದೇ ಕೆಲಸ ಬಂದರೆ ಹೊಸದಾಗಿ ಜಾಹೀರಾತು ಹಾಕುತ್ತೇವೆ, ನೀವೂ ಅರ್ಜಿ ಹಾಕಬಹುದು.” ಅವರು ಕೊಟ್ಟ ಜೆರಾಕ್ಸ್ ಪ್ರತಿಗಳನ್ನು ಹರಿದು ಹಾಕಿ, ಎಕ್ಸೆಲ್‌ನಲ್ಲಿ ಎಂಟೂ ಸಾಲಿನ ಮುಂದೆ ‘ಮುಕ್ತಾಯ, ಜುಲೈ 15’ ಎಂದು ಬರೆಯುತ್ತೇನೆ. ಆಗಸ್ಟಿನಲ್ಲಿ ಲೈನ್ ಶುರುವಾದರೆ ಅವರ ನಂಬರ್ ನನ್ನ ಹತ್ತಿರ ಇದ್ದೇ ಇರುತ್ತದೆ; ಆವತ್ತು ಆಫರ್ ಲೆಟರ್‌ಗೆ ಸಹಿ ಬಿದ್ದ ಮೇಲೆ ಕರೆ ಮಾಡುತ್ತೇನೆ.